ಕೆಳಗಿನ ಮನೆಯ ಅಂಕಲ್, ಆಂಟಿಗೆ ದೀಪಾವಳಿ ಶುಭಾಶಯ

ಅಂಕಲ್, ಆಂಟಿ, ನಮಸ್ಕಾರ.

ನಿಮಗೂ, ಅಲ್ಲಿ ಮಗಳ ಮನೆಯಲ್ಲಿರುವ ಎಲ್ಲರಿಗೂ ನಮ್ಮೆಲ್ಲರ ಕಡೆಯಿಂದ ದೀಪಾವಳಿ ಹಬ್ಬದ ಶುಭಾಶಯಗಳು. ಈ ಸಲ ಮೊಮ್ಮಗನ ಜೊತೆ ನಿಮ್ಮ ಹಬ್ಬ ಅಲ್ವಾ, ಕೇಳಿ ಖುಷಿಯಾಯಿತು. ಆದರೂ ಬೆಳಗ್ಗೆ ಕೆಳಗಿನಿಂದ ಆಂಟಿಯ ಪೂಜೆ ಗಂಟೆ ಕೇಳಿಸದೆ ಮನೆ ಬಿಕೋ ಅನ್ನುತ್ತಿದೆ.

ಹಬ್ಬದ ನೆಪದಲ್ಲಿ ಒಂದು ಮಾತು ಹೇಳಬೇಕು. ಎದುರಿಗೆ ಹೇಳಲು ಬಂದಾಗಲೆಲ್ಲ "ಅದೇನು ಮಹಾ, ಬಿಡಿ" ಅಂತ ಅಂಕಲ್ ಮಾತು ತಿರುಗಿಸಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಆಷಾಢದಲ್ಲಿ ಅಮ್ಮನಿಗೆ ಮಂಡಿ ಆಪರೇಷನ್ ಆಯಿತಲ್ಲ, ಆಸ್ಪತ್ರೆಯಿಂದ ಕರೆತರುವಾಗ ದಾರಿಯುದ್ದಕ್ಕೂ ನಮಗೆ ಒಂದೇ ಚಿಂತೆ, ಮೆಟ್ಟಿಲು ಹೇಗೆ ಹತ್ತಿಸುವುದು ಅಂತ. ಬಂದು ನೋಡಿದರೆ ಗೋಡೆಗೆ ಹೊಸ ಕಂಬಿ ಕೂರಿಸಿದ್ದಿರಿ! ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಅಮ್ಮನ ಅಂಗೈಗೆಲ್ಲ ಹಸಿರು ಮೆತ್ತಿಕೊಂಡಿತು. ನಾವು ಕೇಳಿರಲಿಲ್ಲ. ಕೇಳಬಹುದು ಅಂತ ಹೊಳೆದೂ ಇರಲಿಲ್ಲ. ಈಗ ಅಮ್ಮ ದಿನಕ್ಕೆ ಎರಡು ಸಲ ಆ ಕಂಬಿ ಹಿಡಿದು, ಯಾರ ಸಹಾಯವೂ ಇಲ್ಲದೆ ಇಳಿದು ಹತ್ತುತ್ತಾರೆ. ಅರ್ಧದಲ್ಲಿ ನಿಂತು ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿಯೇ ಮುಂದಿನ ಮೆಟ್ಟಿಲು. ಅದನ್ನು ನೋಡಿದಾಗಲೆಲ್ಲ ನೀವಿಬ್ಬರೂ ನೆನಪಾಗುತ್ತೀರಿ. ತುಂಬಾ ಥ್ಯಾಂಕ್ಸ್ ಅಂಕಲ್.

ಹಬ್ಬದ ಮೂರೂ ದಿನ ಸಂಜೆ ನಿಮ್ಮ ಹೊಸ್ತಿಲ ಎರಡು ಕಡೆಗೂ ಹಣತೆ ಹಚ್ಚಿಡುತ್ತೇವೆ. ಬೀಗ ಹಾಕಿದೆ ಅಂತ ಆ ಬಾಗಿಲು ಕತ್ತಲಲ್ಲಿ ಇರೋದು ಬೇಡ. ಸ್ಕೂಟರ್ ಪಕ್ಕದಲ್ಲೇ ಇದೆ ಅಂತ ನೀವು ಯೋಚನೆ ಮಾಡಬೇಡಿ. ದೀಪ ದೂರವೇ ಇಡುತ್ತೇವೆ, ಆರುವ ತನಕ ನಮ್ಮಲ್ಲಿ ಒಬ್ಬರು ಅಲ್ಲೇ ಕೂತಿರುತ್ತೇವೆ. ತುಳಸಿಗೆ ದಿನಾ ನೀರು ಹಾಕುತ್ತಿದ್ದೇವೆ, ಹೊಸ ಚಿಗುರೂ ಬಂದಿದೆ. ಆಂಟಿಗೆ ಇದನ್ನು ಹೇಳಲೇಬೇಕು ಅಂತ ಮಗಳು ಎರಡು ಸಲ ನೆನಪಿಸಿದಳು.

ಬಾಡಿಗೆ, ರಿಪೇರಿ ವಿಷಯ ಏನಿದ್ದರೂ ನೀವು ಬಂದ ಮೇಲೆ ಮಾತಾಡೋಣ. ಈಗ ಸುಮ್ನೆ ಮೊಮ್ಮಗನ ಜೊತೆ ಆರಾಮಾಗಿ ಹಬ್ಬ ಮಾಡಿ.

ಹೊರಡುವ ದಿನ ಒಂದು ಫೋನ್ ಮಾಡಿ. ಪ್ರಯಾಣ ಮಾಡಿ ಸುಸ್ತಾಗಿ ಬಂದು ಆಂಟಿ ಒಲೆ ಹಚ್ಚೋದು ಬೇಡ. ಅವತ್ತು ರಾತ್ರಿ ಊಟ ನಮ್ಮನೆಯಲ್ಲೇ.

ಇಂತಿ,
ನಿಮ್ಮ ಮೇಲಿನ ಮನೆಯವರು