ಆರನೆಯ ಹೂವು (ಹಿಂಬದಿ ರಕ್ಷಾಪುಟದ ಹೊಸ ಬರಹ)

ನಾಳೆ ಕೈಲ್‌ಪೊಳ್ದ್, ಕೊಡವರ ಆಯುಧಪೂಜೆಯ ಹಬ್ಬ. ಮಡಿಕೇರಿ ಹತ್ತಿರದ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಪೂಜೆಗೆ ಆರು ಕೋವಿಗಳನ್ನು ಸಂಜೆಯೇ ಸಾಲಾಗಿ ಇಟ್ಟಿದ್ದಾರೆ. ಒಂದೊಂದರ ಬಾಯಿಗೂ ತೋಕ್‌ಪೂ ಎಂಬ ಹೂವು ಸಿಕ್ಕಿಸಿದ್ದಾರೆ.

ರಾತ್ರಿ ಮಳೆಯ ನಡುವೆ ಒಂದೇ ಒಂದು ಗುಂಡಿನ ಸದ್ದು. ಬೆಳಿಗ್ಗೆ ಕಾಫಿ ಕಣದಲ್ಲಿ ಅಜ್ಜನ ಹೆಣ.

ಆರೂ ಕೋವಿ ಇಟ್ಟಲ್ಲೇ ಇವೆ. ಐದು ಹೂವು ಬಾಡಿವೆ. ಆರನೆಯದು ಮಾತ್ರ ಈಗ ತಾನೇ ಕಿತ್ತ ಹಾಗಿದೆ, ಎಸಳಿನ ಮೇಲೆ ಇನ್ನೂ ಮಳೆಹನಿ.

ಅದನ್ನು ನೋಡಿದವಳು ಮೊಮ್ಮಗಳು ಕಾವೇರಿ ಒಬ್ಬಳೇ. ಬಾಯಿಬಿಟ್ಟರೆ ಮನೆಯವರಲ್ಲೇ ಒಬ್ಬರು ಜೈಲಿಗೆ. ಸುಮ್ನೆ ಇದ್ದರೆ, ಪೊಲೀಸರು ಹಿಡಿದೊಯ್ದ ತೋಟದ ರೈಟರ್ ಹೊರಗೆ ಬರುವುದಿಲ್ಲ. ಈ ಮನೆಯವರ ಮೇಲೆ ನಿಮಗೂ ಪ್ರೀತಿ ಹುಟ್ಟುತ್ತದೆ. ಅನುಮಾನ ಪಡುವುದೇ ಕಷ್ಟ.

ಅಷ್ಟರಲ್ಲಿ ಅಮ್ಮ ಮೆಲ್ಲಗೆ ಕೇಳುತ್ತಾಳೆ: “ಆ ಹೂವು ಬದಲಾಯಿಸಿದ್ದು ನೀನೇ ಅಲ್ವಾ ಮಗಳೇ?”