ಗಣೇಶೋತ್ಸವದ ವೇದಿಕೆ ಕುಸಿತ: ಸಂಘಟಕರ ವರದಿ

ದಿನಾಂಕ: 06-09-2025

ಇವರಿಗೆ,
ಮಾನ್ಯ ತಹಶೀಲ್ದಾರರು,
ತಾಲ್ಲೂಕು ಕಚೇರಿ, ತರೀಕೆರೆ.

ವಿಷಯ: 05-09-2025ರ ಸಂಜೆ ಗಣೇಶೋತ್ಸವದ ವೇದಿಕೆ ಕುಸಿದ ಬಗ್ಗೆ.
ಉಲ್ಲೇಖ: ತಮ್ಮ ಕಚೇರಿಯ 25-08-2025ರ ಅನುಮತಿ ಪತ್ರ.

ಮಾನ್ಯರೇ,

ನಿನ್ನೆ ಸಂಜೆ 7.40ಕ್ಕೆ, ಸನ್ಮಾನ ಮುಗಿದು ಆರ್ಕೆಸ್ಟ್ರಾ ಶುರುವಾದ ಕೂಡಲೇ, ವೇದಿಕೆಯ ಮುಂಭಾಗದ ಸುಮಾರು 12 ಅಡಿ ಆಳದಷ್ಟು ಭಾಗ ಎಡಕ್ಕೆ ವಾಲಿ ಕುಸಿಯಿತು. ಪ್ರಾಣಹಾನಿ ಆಗಿಲ್ಲ. ಒಂಬತ್ತು ಜನರಿಗೆ ಪೆಟ್ಟಾಗಿದೆ. ಅವರಲ್ಲಿ ಒಬ್ಬರಿಗೆ ಕಾಲಿನ ಮೂಳೆ ಮುರಿದಿದ್ದು, 108 ಆಂಬುಲೆನ್ಸ್‌ನಲ್ಲಿ ಸರ್ಕಾರಿ ಆಸ್ಪತ್ರೆಗೆ ಸೇರಿಸಲಾಗಿದೆ. ಚಿಕಿತ್ಸೆಯ ಖರ್ಚು ಸಮಿತಿಯದು. ಉಳಿದ ಎಂಟು ಜನ ರಾತ್ರಿಯೇ ಮನೆಗೆ ಮರಳಿದ್ದಾರೆ. ಕುಸಿದ ತಕ್ಷಣ ಜನರೇಟರ್ ಆಫ್ ಮಾಡಿದ್ದರಿಂದ ಕರೆಂಟ್ ಹೊಡೆಯುವ ಅಪಾಯ ತಪ್ಪಿತು. ಪೊಲೀಸರಿಗೆ 7.50ಕ್ಕೆ ತಿಳಿಸಲಾಯಿತು.

ವೇದಿಕೆ 40 ಅಡಿ ಅಗಲ, 30 ಅಡಿ ಆಳ, 5 ಅಡಿ ಎತ್ತರ. ಕಬ್ಬಿಣದ ಪೈಪು, ಕ್ಲ್ಯಾಂಪು, ಅಡಿಗೆ ಜಾಕ್, ಮೇಲೆ ಪ್ಲೈವುಡ್ ಹಲಗೆ. ಅನುಮತಿಯಂತೆ ಮೇಲೆ 25 ಜನ ಇರಬೇಕಿತ್ತು. ಸನ್ಮಾನದ ಫೋಟೋಗೆಂದು ಸುಮಾರು 60 ಜನ ಹತ್ತಿದರು, ಹಾಡು ಶುರುವಾದಾಗ ಇಳಿಯದೆ ಕುಣಿದರು. ಮೆಟ್ಟಿಲ ಬಳಿ ತಡೆಯಲು ನಮ್ಮ ಇಬ್ಬರೇ ಸ್ವಯಂಸೇವಕರಿದ್ದರು, ಅದು ಸಾಲಲಿಲ್ಲ.

ಆದರೆ ಭಾರವೊಂದೇ ಕಾರಣವೆಂದು ಬರೆದರೆ ತಪ್ಪಾಗುತ್ತದೆ. ತಲಾ 70 ಕಿಲೋದಂತೆ 60 ಜನರೆಂದರೆ 4,200 ಕಿಲೋ. ಅವರೆಲ್ಲ ಮುಂದಿನ 12 ಅಡಿಯಲ್ಲೇ, ಅಂದರೆ ಸುಮಾರು 45 ಚದರ ಮೀಟರ್‌ನಲ್ಲಿ ನಿಂತಿದ್ದರೂ ಚದರ ಮೀಟರಿಗೆ 95 ಕಿಲೋ ದಾಟುವುದಿಲ್ಲ. ಇಂಥ ವೇದಿಕೆ ಚದರ ಮೀಟರಿಗೆ ಸುಮಾರು 500 ಕಿಲೋ ತಾಳುವಂತೆ ಇರಬೇಕು. ಕುಣಿತದ ಹೊಡೆತ ಸೇರಿಸಿದರೂ ನೆಟ್ಟಗೆ ನಿಂತ ಕಂಬಗಳು ಬಗ್ಗಬೇಕಿರಲಿಲ್ಲ. ಬಿದ್ದ ಪೈಪುಗಳು ಬಗ್ಗಿಯೂ ಇಲ್ಲ. ಕಟ್ಟು ಪಕ್ಕಕ್ಕೆ ಓಲಾಡಿ ಮಲಗಿದೆ.

ಓಲಾಡದಂತೆ ಹಿಡಿಯುವುದು ಕಂಬಗಳ ನಡುವೆ ಓರೆಯಾಗಿ ಕಟ್ಟುವ ಕ್ರಾಸ್ ಪೈಪು. ಸೌಂಡಿನವರ ಬೇಸ್ ಬಾಕ್ಸ್‌ಗಳನ್ನು ವೇದಿಕೆಯಡಿ ಇಡಲು ಮುಂದಿನ ಸಾಲಿನ ನಾಲ್ಕು ಕ್ರಾಸ್ ಪೈಪುಗಳನ್ನು ಮಧ್ಯಾಹ್ನ ಬಿಚ್ಚಲಾಗಿತ್ತು, ಮತ್ತೆ ಕಟ್ಟಿರಲಿಲ್ಲ. ಜೊತೆಗೆ ಎಡ ಮೂಲೆಯ ಎರಡು ಕಂಬಗಳು ನಿಂತಿದ್ದು ನೀರಿನ ಪೈಪ್‌ಲೈನಿಗೆ ಅಗೆದು ಮುಚ್ಚಿದ ಸಡಿಲ ಮಣ್ಣಿನ ಮೇಲೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಜಾಕ್‌ನಡಿ ಅಗಲವಾದ ಮರದ ಹಲಗೆ ಇರಲಿಲ್ಲ, ಎರಡೂ ಸುಮಾರು 4 ಇಂಚು ಹೂತಿವೆ. ಮೂಲೆ ಕುಸಿದಾಗ ಅಡ್ಡಪೈಪಿನ ಕ್ಲ್ಯಾಂಪ್ ಜಾರಿದೆ. ಆ ಕ್ಲ್ಯಾಂಪಿನ ಬೋಲ್ಟ್ ಸಡಿಲವಿತ್ತೇ ಎಂಬುದನ್ನು ಇಂಜಿನಿಯರ್ ನೋಡಿಯೇ ಹೇಳಬೇಕು. ವೇದಿಕೆಯ ತಪಾಸಣೆ ಬೆಳಿಗ್ಗೆ ನಡೆದಿತ್ತು. ಪೈಪು ಬಿಚ್ಚಿದ್ದು ಅದಾದ ಮೇಲೆ. ಮತ್ತೊಮ್ಮೆ ನೋಡಿಸದೆ ಕಾರ್ಯಕ್ರಮ ಶುರು ಮಾಡಿದ್ದಕ್ಕೆ ಸಮಿತಿಯೇ ಹೊಣೆ.

ಬಿದ್ದ ಪೈಪು, ಕ್ಲ್ಯಾಂಪು, ಜಾಕ್ ಯಾವುದನ್ನೂ ಮುಟ್ಟಿಲ್ಲ. ಸುತ್ತ ಹಗ್ಗ ಕಟ್ಟಿ ರಾತ್ರಿಯಿಡೀ ಕಾವಲು ಹಾಕಿದ್ದೇವೆ. ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಪರಿಶೀಲಿಸಿದ ನಂತರವೇ ಬಿಚ್ಚಲು ಅಪ್ಪಣೆ ಕೊಡಿಸಬೇಕು. ಇಂದಿನ ನಾಟಕ ರದ್ದಾಗಿದೆ. ನಾಳೆಯ ವಿಸರ್ಜನೆಯನ್ನು ವೇದಿಕೆ, ಡಿಜೆ ಎರಡೂ ಇಲ್ಲದೆ, ಸಂಜೆ 5ರೊಳಗೆ ಮುಗಿಸಲು ಅನುಮತಿ ಕೋರುತ್ತೇವೆ.

ಲಗತ್ತು: ಸ್ಥಳದ 14 ಫೋಟೋಗಳು, ಗಾಯಾಳುಗಳ ಪಟ್ಟಿ, ವೇದಿಕೆ ಗುತ್ತಿಗೆಯ ಕರಾರು.

ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು ಮತ್ತು ಕಾರ್ಯದರ್ಶಿ,
ಗಣೇಶೋತ್ಸವ ಸಮಿತಿ

ಪ್ರತಿ: ಪೊಲೀಸ್ ಠಾಣೆಗೆ