ರೆಡ್ ಅಲರ್ಟ್ ದಿನ ಬಿಸಿಲು ಬಂದರೆ?

ಕಳೆದ ಜುಲೈಯಲ್ಲಿ ರೆಡ್ ಅಲರ್ಟ್ ಅಂತ ನಮಗೆ ರಜೆ ಸಿಕ್ಕಿತು. ಅವತ್ತು ಉಡುಪಿಯಲ್ಲಿ ಚಂದದ ಬಿಸಿಲು! ಮರುದಿನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕೇಳಿದ: "ಸರ್, ಇವರಿಗೆ ನಾಳೆಯ ಮಳೆಯೇ ಸರಿಯಾಗಿ ಗೊತ್ತಾಗುವುದಿಲ್ಲ. 2100ರಲ್ಲಿ ಭೂಮಿ ಎಷ್ಟು ಬಿಸಿಯಾಗುತ್ತದೆ ಅಂತ ಹೇಗೆ ಹೇಳ್ತಾರೆ?"

ಉತ್ತರ ನಮ್ಮ ತುಳುನಾಡಿನ ಪತ್ತನಾಜೆಯಲ್ಲೇ ಇದೆ. ತುಳು ಲೆಕ್ಕದ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅವತ್ತೇ ಮಳೆ ಸುರಿಯುತ್ತದೆ ಅಂತಲ್ಲ. ಇನ್ನು ಬಯಲಲ್ಲಿ ಆಟ ನಡೆಸುವ ಕಾಲ ಮುಗಿಯಿತು ಅಂತ ಹಿರಿಯರು ತಲೆಮಾರುಗಳಿಂದ ಕಂಡ ಲೆಕ್ಕ ಅದು. ಇವತ್ತು ಮಳೆ ಬರುತ್ತಾ ಅನ್ನುವುದು ಹವಾಮಾನ. ಪತ್ತನಾಜೆಯ ಲೆಕ್ಕ ವಾಯುಗುಣ. ವಿಜ್ಞಾನಿಗಳು ಇದಕ್ಕೆ ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ನೋಡುತ್ತಾರೆ. ಮುಂದಿನ ಜುಲೈ 14ಕ್ಕೆ ಮಳೆ ಇದೆಯಾ ಅಂದರೆ ನಾನು ಹೇಳಲಾರೆ. ಜನವರಿಗಿಂತ ಜುಲೈಯಲ್ಲಿ ಮಳೆ ಜಾಸ್ತಿ ಅಂತ ಮಾತ್ರ ಬೆಟ್ ಕಟ್ಟುತ್ತೇನೆ. (ಪತ್ರಿಕೆಗಳು ‘ಹವಾಮಾನ ಬದಲಾವಣೆ’ ಅಂತ ಬರೆದು ಗೊಂದಲ ಹೆಚ್ಚಿಸಿವೆ. ಬದಲಾಗುತ್ತಿರುವುದು ವಾಯುಗುಣ.)

ವಾಯುಗುಣ ಯಾಕೆ ಬಿಸಿಯಾಗುತ್ತಿದೆ ಅಂತ ತಿಳಿಯಲು ಈಗ ಹಸಿರುಮನೆ ಪರಿಣಾಮ ನೋಡೋಣ. ಡಿಸೆಂಬರಿನಲ್ಲಿ ಆಕಾಶ ಶುಭ್ರವಾಗಿದ್ದರೆ ಬೆಳಗಿನ ಜಾವ ಹೊದಿಕೆ ಬೇಕು. ಮೋಡ ಕವಿದ ರಾತ್ರಿ ಬರೀ ಸೆಕೆ. (ಬೆವರು ಆರದಿರುವುದೂ ಒಂದು ಕಾರಣ, ಅದು ಬೇರೆ ಮಾತು.) ಹಗಲು ಕಾದ ನೆಲ ತನ್ನ ಬಿಸಿಯನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಮೇಲಕ್ಕೆ ಬಿಡುತ್ತದೆ. ಮೋಡವೂ ನೀರಾವಿಯೂ ಅದನ್ನು ಹೀರಿ, ಸ್ವಲ್ಪ ಭಾಗವನ್ನು ಕೆಳಗೆ ವಾಪಸ್ ಕಳಿಸುತ್ತವೆ. ಕಾರ್ಬನ್ ಡೈಆಕ್ಸೈಡ್, ಮೀಥೇನ್ ಮಾಡುವುದೂ ಇದನ್ನೇ. ಗಾಳಿಯ ಬಹುಪಾಲಾದ ನೈಟ್ರೋಜನ್, ಆಕ್ಸಿಜನ್ ಮಾತ್ರ ಆ ಬಿಸಿಯನ್ನು ಸುಮ್ನೆ ಹೋಗಲು ಬಿಡುತ್ತವೆ.

ಈ ಪರಿಣಾಮವೇ ಕೆಟ್ಟದ್ದು ಅಂದುಕೊಳ್ಳಬೇಡಿ. ಇದಿಲ್ಲದಿದ್ದರೆ ಭೂಮಿಯ ಸರಾಸರಿ ತಾಪ ಸುಮಾರು ಮೈನಸ್ 18 ಡಿಗ್ರಿ ಇರುತ್ತಿತ್ತು. ಈಗ ಸುಮಾರು 15. ತೊಂದರೆ ಇರುವುದು ಪ್ರಮಾಣದಲ್ಲಿ. ಕೈಗಾರಿಕೆಗಳು ಬೆಳೆಯುವ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಕಾರ್ಬನ್ ಡೈಆಕ್ಸೈಡ್ ಇದ್ದವು. ಕಲ್ಲಿದ್ದಲು, ಪೆಟ್ರೋಲು ಸುಟ್ಟೂ ಸುಟ್ಟೂ ಈಗ 420 ದಾಟಿದೆ.

"ಓಝೋನ್ ಪದರದ ತೂತಿನಿಂದ ಭೂಮಿ ಬಿಸಿಯಾಗುತ್ತಿದೆ" ಅಂತ ಪ್ರತಿ ವರ್ಷ ಉತ್ತರ ಪತ್ರಿಕೆಯಲ್ಲಿ ಓದುತ್ತೇನೆ. ಅಲ್ಲ. ಓಝೋನ್ ತಡೆಯುವುದು ಅತಿನೇರಳೆ ಕಿರಣವನ್ನು. ಅದು ಬೇರೆಯೇ ಪಾಠ.

"ಸೂರ್ಯನೇ ಜಾಸ್ತಿ ಉರಿಯುತ್ತಿರಬಹುದಲ್ವಾ?" ಹಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಕೆಳಗೆ ಬಿಸಿಯಾಗುತ್ತಿದೆ, ಮೇಲೆ ಸ್ತರಗೋಳ ತಣ್ಣಗಾಗುತ್ತಿದೆ. ಬಿಸಿ ಕೆಳಗೇ ಸಿಕ್ಕಿಬಿದ್ದಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

"ಭೂಮಿ ಬಿಸಿಯಾದರೆ ಮಳೆ ಕಮ್ಮಿಯಾಗಬೇಕು, ಇಲ್ಲಿ ನೋಡಿದರೆ ನೆರೆ!" ಅನ್ನುವವರೂ ಇದ್ದಾರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಸುರಿಯುವಾಗ ಒಮ್ಮೆಗೇ ಜೋರಾಗಿ ಸುರಿಯಲು ಅಷ್ಟು ಸಾಕು.

ಇಷ್ಟು ಹೇಳಿದ ಮೇಲೆ ಅದೇ ಹುಡುಗ ಎದ್ದು ನಿಂತ. "ಹಾಗಾದ್ರೆ ಮುಂದೆ ರಜೆ ಜಾಸ್ತಿ ಅಲ್ವಾ ಸರ್?"

ಜಾಸ್ತಿ ಆಗಬಹುದು ಮಾರಾಯ. ಶನಿವಾರ ಪೂರ್ತಿ ಕ್ಲಾಸ್ ಇಟ್ಟು ಸರಿ ಮಾಡುತ್ತೇವೆ.